ಮುನ್ನೂರರವತ್ತು ಡಿಗ್ರಿಯ ಶಟರ್

ಜೋಯಾಳನ್ನು ಯಾರಾದರೂ ಹೊಗಳಿದರೆ ನನಗೇಕೆ ಸಂಕಟವಾಗುತ್ತದೆ ಎಂಬ ಚಿಂತೆಯನ್ನು ನಾನು ಯಾರಿಗೂ ಹೇಳಿಲ್ಲ. ರಾಯಚೂರಿನ ಸ್ಟುಡಿಯೋದಲ್ಲಿ ನಾವಿಬ್ಬರೂ ಎಐ ವಿಡಿಯೋಗಳಿಗೆ ಪ್ರಾಂಪ್ಟ್, ಅಂದರೆ ಎಂಥ ದೃಶ್ಯ ಬೇಕೆಂಬ ಸೂಚನೆ, ಬರೆಯುತ್ತೇವೆ. ಮಾನ್ವಿ ಕಬಡ್ಡಿ ತಂಡದ ಜಾಹೀರಾತು ಅವಳಿಗೇ ಸಿಕ್ಕಿತು. ಅದರಲ್ಲಿ ಹಾರುವ ಧೂಳೂ ಸ್ಪಷ್ಟವಾಗಿ ಕಾಣಬೇಕಿತ್ತು. ಅವಳು 'ಶಟರ್ ಆ್ಯಂಗಲ್ 360 ಡಿಗ್ರಿ' ಎಂದು ಬರೆದಳು. ಈ ಕೋನ ದೊಡ್ಡದಾದಷ್ಟೂ ಕ್ಯಾಮೆರಾದ ಶಟರ್ ಹೆಚ್ಚು ಹೊತ್ತು ತೆರೆದಿದ್ದು, ಚಲನೆ ಕನಸಿನಂತೆ ಕಲಸಿಹೋಗುತ್ತದೆ. ಗೊತ್ತಿದ್ದೂ ಸುಮ್ಮನಿದ್ದೆ.

ವಿಡಿಯೋದಲ್ಲಿ ಆಟಗಾರನ ಕಾಲು ಹೊಗೆಯಂತೆ ಬಂತು.

"ಇದೇನವ್ವಾ, ಕಬಡ್ಡಿನೋ ದೆವ್ವದ ಕುಣಿತಾನೋ?" ಎಂದರು ಸ್ಟುಡಿಯೋ ಮಾಲೀಕ ಪ್ರಭುರಾಜ. "ಸಂಜಿಗೆ ಆಗಲಿಲ್ಲಂದ್ರ ಬ್ಯಾರೆಯವರಿಗೆ ಕೊಡ್ತೀನಿ."

ಜೋಯಾ ನನ್ನತ್ತ ತಿರುಗಿದಳು. "ಅಕ್ಕಾ, ದೊಡ್ಡ ನಂಬರೇ ಹಾಕೀನಲ್ಲ, ಯಾಕ ಹಿಂಗಾತು?"

"ನಲವತ್ತೈದು ಹಾಕು. 'ಪ್ರತಿ ಫ್ರೇಮೂ ಸ್ಪಷ್ಟ' ಅಂತ ಸೇರಿಸು," ಎಂದೆ. ಅವಳು ಥ್ಯಾಂಕ್ಸ್ ಎನ್ನುವ ಮೊದಲೇ ಬಾಯಿ ಬಿಟ್ಟೆ. "ನಂಗ ಮೊದಲೇ ಗೊತ್ತಿತ್ತು ಜೋಯಾ. ಹೊಟ್ಟಿಕಿಚ್ಚಿಗೆ ಹೇಳಲಿಲ್ಲ."