ಭೋಂಗಾಕ್ಕೆ ಏಳದ ಕೂಸು

ವಾಡಿ ಹತ್ತಿರದ ಆ ಊರಲ್ಲಿ, ಮಧ್ಯಾಹ್ನ ಕಲ್ಲುಗಣಿಯಲ್ಲಿ ಮದ್ದು ಹಾರಿಸುವ ಮುಂಚೆ ಎಚ್ಚರಿಕೆಯ ಭೋಂಗಾ, ಅಂದರೆ ಸೈರನ್, ಕೂಗುತ್ತದೆ. ಸ್ವಲ್ಪ ಹೊತ್ತಿಗೆ ಮನೆಯ ಪರಸಿಕಲ್ಲಿನ ನೆಲ ನಡುಗಿ, ಗೂಡಿನೊಳಗಿನ ಲೋಟಗಳು ಒಂದಕ್ಕೊಂದು ತಾಕುತ್ತವೆ.

ನೆಲದ ಮೇಲೆ ಮಲಗಿದ್ದ ಕೂಸು ಸಂಗಮೇಶ ಬೆಚ್ಚಿ, ಕೈ ಚೆಲ್ಲಿ ಅತ್ತ.

"ನೋಡಿದಿಲ್ಲ?" ರತ್ನಾಬಾಯಿ ಸೊಸೆ ಭಾಗ್ಯಶ್ರೀಯ ಕಡೆ ತಿರುಗಿದರು. "ಕಿವಿ ಕೇಳದ ಕೂಸು ಹಿಂಗ ಬೆಚ್ಚತದೇನು? ನಿಮ್ಮ ಸೇಡಂ ದವಾಖಾನಿ ಮಷೀನೇ ಕಿವುಡ ಅದ."

ಭಾಗ್ಯಶ್ರೀಯ ಹೆರಿಗೆ ತವರು ಸೇಡಂನಲ್ಲಿ ಆಗಿತ್ತು. ಹುಟ್ಟಿದ ಕೂಸಿನ ಕಿವಿಗೆ ಸಣ್ಣ ಬಿರಡೆಯಿಟ್ಟು ಪರೀಕ್ಷಿಸಿದ ಸಿಸ್ಟರ್, "ಎರಡೂ ಕಡೆ ಪಾಸಾಗಿಲ್ಲ. ಒಳಗ ನೀರು ಉಳಿದಿದ್ದರೂ ಹಿಂಗ ಆಗ್ತದ. ತಿಂಗಳೊಳಗ ಮತ್ತ ಕರಕೊಂಡು ಬರ್ರಿ" ಎಂದಿದ್ದರು. ಬಾಣಂತಿಯನ್ನು ಹೊಸ್ತಿಲು ದಾಟಿಸುವುದು ಹೇಗೆಂದು ತಾಯಿ ಕಳಿಸಲಿಲ್ಲ. ಮೂರನೇ ತಿಂಗಳಿಗೆ ಗಂಡನ ಮನೆಗೆ ಬಂದಮೇಲೆ ಈ ಬೆಚ್ಚುವಿಕೆ ನೋಡಿ ಭಾಗ್ಯಶ್ರೀಯೂ ಸಮಾಧಾನಪಟ್ಟಿದ್ದಳು.

ಇವತ್ತು ಮಾತ್ರ ಒಂದು ಸಂಗತಿ ಮನಸ್ಸಿಗೆ ಅಂಟಿಕೊಂಡಿತು. ಮೊದಲು ಕೂಗಿದ ಭೋಂಗಾಕ್ಕೆ ಕೂಸು ರೆಪ್ಪೆ ಸಹ ಅಲುಗಿಸಿರಲಿಲ್ಲ.

ಮರುದಿನ ಹೊತ್ತು ನೋಡಿಕೊಂಡು ಅವನನ್ನು ಸೀರೆಯ ತೊಟ್ಟಿಲಿಗೆ ಹಾಕಿದಳು. ಭೋಂಗಾ ಕೂಗಿತು. ನೆಲ ನಡುಗಿತು, ಲೋಟ ತಾಕಿದವು. ನೆಲಕ್ಕೆ ತಾಕದೆ ತೂಗುತ್ತಿದ್ದ ಕೂಸು ಹಾಯಾಗಿ ಮಲಗೇ ಇತ್ತು.

"ಅತ್ತಿ, ಬರ್ರಿ ಇಲ್ಲಿ. ಅವನಿಗೆ ಕೇಳಲ್ರಿ. ನೆಲ ನಡುಗಿದ್ದು ಮೈಗೆ ತಿಳಿತಿತ್ತು, ಅಷ್ಟೆ."

"ಊಂ, ಆಂ ಅಂತ ಮಾತಾಡ್ಲಿಕತ್ತಾನಲ್ಲ! ಅವರಪ್ಪ ಮೂರು ವರ್ಷಕ್ಕ ಬಾಯಿ ಬಿಟ್ಟ. ಈಗ ನೋಡು, ಬಾಯಿ ಮುಚ್ಚಂಗಿಲ್ಲ."

"ಅದನ್ನೂ ಡಾಕ್ಟರ್‌ಗೇ ಕೇಳೂಣು, ನೀವೂ ಬರ್ರಿ."

ರತ್ನಾಬಾಯಿ ಗೊಣಗುತ್ತಲೇ ಸೆರಗು ಸರಿಮಾಡಿಕೊಂಡರು.

ಕಲಬುರಗಿ ಆಸ್ಪತ್ರೆಯಲ್ಲಿ ಕೂಸು ನಿದ್ದೆಹೋದ ಮೇಲೆ ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಕಿವಿಗೆ ಶಬ್ದ ಬಿಟ್ಟು, ಮಿದುಳಿಗೆ ಹೋಗುವ ನರ ಅದಕ್ಕೆ ಹೇಗೆ ಸ್ಪಂದಿಸುತ್ತದೆಂದು ನೋಡಿದರು. ಎರಡೂ ಕಿವಿಯಲ್ಲಿ ದೋಷ ಹೆಚ್ಚೇ ಇತ್ತು.

"ಊಂ ಅನ್ನೋದು ಕೇಳದ ಕೂಸೂ ಅಂತದಮ್ಮ," ಶ್ರವಣತಜ್ಞೆ ವೃಂದಾ ಹೇಳಿದರು. "ಮಂದಿ ಮಾತು ಕಿವಿಗೆ ಬಿದ್ದರ ಅದೇ ಊಂ ಮುಂದ ಮಾತಾಗ್ತದ. ಬೀಳದಿದ್ದರ ಹಿಂದ ಬೀಳ್ತದ. ಮೊದಲಿನ ತಿಂಗಳುಗಳೇ ಮಿದುಳು ಮಾತು ಕಲಿಯೋ ಕಾಲ. ಕೂಸಿಗೆ ಆರು ತಿಂಗಳು ತುಂಬೋದ್ರೊಳಗ ಕೇಳಿಸೋ ಮಷೀನ್ ಹಾಕೂಣು. ತಡ ಆಗ್ಯದ, ಕೈ ಮೀರಿಲ್ಲ."

"ಹಾಕಿದ್ರ ಮಾತಾಡ್ತಾನೇನ್ರಿ?" ರತ್ನಾಬಾಯಿಯ ದನಿ ಕೆಳಗಿಳಿದಿತ್ತು.

"ದಿನಾ ಹಾಕಬೇಕು. ನೀವು ಅವನ ಮುಂದ ಮಾತಾಡ್ತಾ ಇರಬೇಕು. ಇದು ಸಾಲದಿದ್ದರ ಮುಂದ ಆಪರೇಶನ್ ದಾರಿನೂ ಅದ."

"ನಮ್ಮನ್ಯಾಗ ಮಾತಿಗೇನು ಬರ," ಎಂದಳು ಭಾಗ್ಯಶ್ರೀ. ರತ್ನಾಬಾಯಿ ಸೊಸೆಯನ್ನು ದುರುಗುಟ್ಟಿ ನೋಡಿದರು.

ಕೂಸಿಗೆ ಐದು ತಿಂಗಳು ತುಂಬುವ ಹೊತ್ತಿಗೆ ಮಷೀನು ಬಂತು. ಕೆಲವು ದಿನ ಸಂಗಮೇಶ ಅದನ್ನು ಕಿತ್ತು ಬಾಯಿಗಿಟ್ಟುಕೊಂಡ. ಒಂದು ಮಧ್ಯಾಹ್ನ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದವನು ಭೋಂಗಾ ಕೂಗಿದಾಗ ತಟ್ಟನೆ ಬಡಿಯುವುದು ನಿಲ್ಲಿಸಿದ. ಕಣ್ಣರಳಿಸಿ ನೋಡಿದ. ನೆಲ ಇನ್ನೂ ನಡುಗಿರಲಿಲ್ಲ.

ರತ್ನಾಬಾಯಿ ಸೊಪ್ಪು ಸೋಸುವುದು ಬಿಟ್ಟು ತೊಟ್ಟಿಲ ಹತ್ತಿರ ಕುಳಿತರು.

"ಅದು ಭೋಂಗಾ ಅಪ್ಪಾ," ಎಂದರು. "ಭೋಂ... ಗಾ."