ಹದಿನೇಳು, ಸೋಮವಾರ

ಈ ಕಥೆಯನ್ನು ಮೊದಲು ಹೇಳಿದವರು ಊರಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ದುಡಿದ ಫಿಟ್ಟರು. ಹೇಳಿದ್ದು ಅವರು ನಿವೃತ್ತರಾದ ವರ್ಷ, ಒಂದು ಶನಿವಾರದ ಸಂಜೆ, ಗೇಟಿನ ಎದುರಿನ ಕಲ್ಲುಬೆಂಚಿನ ಮೇಲೆ ಕುಳಿತು. ಕೇಳಿದವರು ಆರು ಜನ. ಮುಂದೆ ಬೇರೆಯವರ ಬಾಯಿಗೆ ಬಿದ್ದು ಕಥೆ ಒಂದೆಡೆ ಉಬ್ಬಿತು, ಇನ್ನೊಂದೆಡೆ ಸವೆಯಿತು; ತಾರೀಖುಗಳನ್ನು ಮಾತ್ರ ಯಾರೂ ಕದಲಿಸಲಿಲ್ಲ.

ಆ ಪಂಪ್‌ಹೌಸಿನಲ್ಲಿ ದಿನಕ್ಕೆ ಮೂರು ಪಾಳಿ: ಬೆಳಿಗ್ಗೆ ಆರರಿಂದ, ಮಧ್ಯಾಹ್ನ ಎರಡರಿಂದ, ರಾತ್ರಿ ಹತ್ತರಿಂದ. ಮುಂದಿನ ಪಾಳಿಯವರು ಬಂದು ಪಾಳಿ ಪುಸ್ತಕದಲ್ಲಿ ಸಹಿ ಹಾಕುವವರೆಗೆ ಹಿಂದಿನವರು ಜಾಗ ಬಿಟ್ಟು ಅಲ್ಲಾಡುವಂತಿಲ್ಲ. ಬೆಳಗಿನ ಪಾಳಿ ನೋಡುತ್ತಿದ್ದವಳನ್ನು ಎಲ್ಲರೂ ಮೀಟರಕ್ಕ ಎನ್ನುತ್ತಿದ್ದರು. ಒತ್ತಡದ ಮೀಟರಿನ ಮುಳ್ಳು ಕೂದಲೆಳೆಯಷ್ಟು ಅಲುಗಿದರೂ ಅವಳ ಕಣ್ಣು ತಪ್ಪಿಸಲಾಗುತ್ತಿರಲಿಲ್ಲ. ಅವಳದು ತಾತ್ಕಾಲಿಕ ನೌಕರಿ. ಎರಡು ವರ್ಷ ಅನುಮತಿಯಿಲ್ಲದ ಗೈರುಹಾಜರಿ ಒಂದೂ ಇಲ್ಲದೆ ದುಡಿದರೆ ಕಾಯಂ. ಒಂದು ಬಿದ್ದರೂ ಲೆಕ್ಕ ಮತ್ತೆ ಮೊದಲಿನಿಂದ. ಆ ತಿಂಗಳ ಕೊನೆಗೆ ಅವಳಿಗೆ ಎರಡು ವರ್ಷ ತುಂಬುತ್ತಿತ್ತು.

ಪ್ರತಿ ವರ್ಷ ಅದೇ ತಿಂಗಳ ಅದೇ ಹನ್ನೊಂದು ದಿನ ಅವಳು ರಜೆ ಹಾಕುತ್ತಿದ್ದಳು. ಹಾಸಿಗೆ ಹಿಡಿದ ತಾಯಿಯನ್ನು ವರ್ಷವಿಡೀ ನೋಡಿಕೊಳ್ಳುವ ಅವಳ ಒಡಹುಟ್ಟಿದ ಅಕ್ಕನಿಗೆ ಆಗಷ್ಟೇ ಬಿಡುವು. ಈ ಸಲ ಅವಳು ಹೋದ ವರ್ಷದ ರಜೆ ಚೀಟಿಯನ್ನು ಎದುರಿಗಿಟ್ಟುಕೊಂಡು ಸಾಲುಸಾಲಾಗಿ ನಕಲು ಮಾಡಿ, ಇಸವಿಯೊಂದನ್ನು ತಿದ್ದಿದಳು. ‘ಇದೇ ತಿಂಗಳ 5, ಬುಧವಾರ ನನ್ನ ಕೊನೆಯ ಕೆಲಸದ ದಿನ. ರಜೆ ಮುಗಿಸಿ 17, ಸೋಮವಾರ ಹಾಜರಾಗುತ್ತೇನೆ.’ ತಾರೀಖು ನಿಂತಲ್ಲೇ ನಿಂತಿದ್ದರೂ ಒಂದು ವರ್ಷದಲ್ಲಿ ವಾರ ಒಂದು ಹೆಜ್ಜೆ ಮುಂದೆ ಸರಿದಿತ್ತು: ಈ ವರ್ಷ ಐದು ಗುರುವಾರ, ಹದಿನೇಳು ಮಂಗಳವಾರ. ರಜೆ ಯಾವತ್ತಿನಿಂದ ಯಾವತ್ತಿನವರೆಗೆ, ಒಟ್ಟು ಎಷ್ಟು ದಿನ ಎಂಬುದು ಚೀಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಪಾಳಿಪಟ್ಟಿ ಮಾಡುವ ಎಂಜಿನಿಯರರು ಅದರ ಮೂಲೆಯಲ್ಲಿ ‘ಮಂಜೂರು’ ಎಂದು ಗೀಚಿ ಕಡತಕ್ಕೆ ಸೇರಿಸಿದರು.

ಹದಿನಾರರ ಸೋಮವಾರ ಬೆಳಿಗ್ಗೆ ಆರಕ್ಕೆ ಪಂಪ್‌ಹೌಸಿಗೆ ಯಾರೂ ಬರಲಿಲ್ಲ. ಅವಳ ಬದಲಿಗೆ ಬೇರೆ ಪಂಪ್‌ಹೌಸಿನಿಂದ ಎರವಲು ಬಂದಿದ್ದವನು ಭಾನುವಾರವೇ ಗಂಟುಮೂಟೆ ಕಟ್ಟಿದ್ದ. ರಾತ್ರಿ ಪಾಳಿ ಮುಗಿಸಿ ಕಾಯುತ್ತಿದ್ದವರು ದೊಡ್ಡಣ್ಣ, ಅಲ್ಲಿಯ ಹಿರಿಯ ಆಪರೇಟರು. ಆ ದಿನ ಅವರ ಮೊಮ್ಮಗಳು ಮೊದಲ ಸಲ ಶಾಲೆಗೆ ಹೊರಟಿದ್ದಳು. ಕೈಹಿಡಿದು ಕರೆದೊಯ್ಯುತ್ತೇನೆಂದು ಒಂದು ತಿಂಗಳಿನಿಂದ ಮಾತು ಕೊಟ್ಟಿದ್ದರು. ಆರೂವರೆಗೆ ಅವರು ಫೋನ್ ಮಾಡಿದಾಗ ಮೀಟರಕ್ಕ ಆರು ಗಂಟೆಯ ಹಾದಿ ದೂರದಲ್ಲಿ ತಾಯಿಗೆ ಗಂಜಿ ಕುಡಿಸುತ್ತಿದ್ದಳು.

“ನಾನು ಬರೋದು ನಾಳೆ ಅಲ್ವಾ ಅಣ್ಣ?” ಎಂದಳು.

ದೊಡ್ಡಣ್ಣ ಫೋನ್ ಇಟ್ಟರು. ಮಧ್ಯಾಹ್ನ ಎರಡರವರೆಗೆ, ಒಟ್ಟು ಹದಿನಾರು ಗಂಟೆ, ಪಂಪಿನ ಮುಂದೆ ಕುಳಿತರು. ಮಗು ಪಕ್ಕದ ಮನೆಯವರ ಜೊತೆ ಅಳುತ್ತ ಶಾಲೆಗೆ ಹೋಯಿತು.

ಮಂಗಳವಾರ ಪಾಳಿ ಮುಗಿಸಿದ ಮೀಟರಕ್ಕನ ಕೈಗೆ ಕಾರಣ ಕೇಳಿದ ಕಾಗದ ಬಂತು: ಅನುಮತಿಯಿಲ್ಲದ ಗೈರುಹಾಜರಿ, ಒಂದು ದಿನ. ಓದಿದೊಡನೆ ಅವಳ ಕಿವಿಯವರೆಗೆ ಬಿಸಿ ಏರಿತು. ಎರಡು ವರ್ಷ ಜ್ವರ ಬಂದರೂ ಮಾತ್ರೆ ನುಂಗಿ ಬಂದವಳು ಅವಳು. ಕಾಗದವನ್ನು ಮುಷ್ಟಿಯಲ್ಲಿ ಹಿಡಿದು ನೇರ ಎಂಜಿನಿಯರರ ಕೋಣೆಗೆ ನುಗ್ಗಿದಳು. ದೂರು ಕೊಟ್ಟ ದೊಡ್ಡಣ್ಣ ಅಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಅವಳ ಮುಖ ನೋಡಲಿಲ್ಲ.

ಎಂಜಿನಿಯರರು ಚೀಟಿಯನ್ನು ಮೇಜಿನ ಮೇಲೆ ತಿರುಗಿಸಿಟ್ಟು, “ಸೋಮವಾರ ಅಂತ ನೀವೇ ಬರೆದಿದ್ದೀರಿ” ಎಂದರು.

“ಹದಿನೇಳು ಅಂತಾನೂ ನಾನೇ ಬರೆದಿದ್ದೀನಿ ಸಾರ್.”

ಪಾಳಿಪಟ್ಟಿ ಮಾಡುವುದು ವಾರ ನೋಡಿಯೇ ಹೊರತು ತಾರೀಖು ನೋಡಿ ಅಲ್ಲ ಎಂದರು ಅವರು. ಎರಡೂ ತಾಳೆಯಾಗದಿದ್ದಾಗ ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ ಎಂದಳು ಅವಳು. ಇಪ್ಪತ್ತು ಜನರ ಚೀಟಿಗೆಲ್ಲ ಪಂಚಾಂಗ ಹಿಡಿದು ಕೂರಲು ತನಗೆ ಪುರುಸೊತ್ತಿಲ್ಲ, ತಪ್ಪು ಬರೆದವರೇ ಅನುಭವಿಸಬೇಕು ಎಂದು ಅವರು ಕಡತ ಮುಚ್ಚಲು ಹೋದರು. ಮೀಟರಕ್ಕ ಮುಚ್ಚಗೊಡಲಿಲ್ಲ, ಚೀಟಿಯ ಮೇಲೆ ಅಂಗೈ ಊರಿ ನಿಂತಳು. ಬೈಗುಳ ಗಂಟಲಿಗೆ ಬಂದಿತ್ತು. ಅದನ್ನು ನುಂಗಿಕೊಳ್ಳಲೆಂದೇ ತಲೆ ತಗ್ಗಿಸಿ ತನ್ನ ಅಕ್ಷರವನ್ನೇ ಮತ್ತೊಮ್ಮೆ ಓದಿದಳು. ಕಣ್ಣು ಮೊದಲ ಸಾಲಿನಲ್ಲಿ ತಡೆಯಿತು.

“ಐದು, ಬುಧವಾರ ಕೊನೆಯ ದಿನ ಅಂತ ಇದೆ. ಬುಧವಾರ ನಾಲ್ಕು. ವಾರಾನೇ ನೋಡೋದಾದ್ರೆ ಗುರುವಾರ ನಾನು ರಜೆಯಲ್ಲಿರಬೇಕಿತ್ತು. ಗುರುವಾರದ ಪಾಳಿಪಟ್ಟಿ ತೆಗೀರಿ ಸಾರ್.”

ಎಂಜಿನಿಯರರ ಕೈ ಪಟ್ಟಿಯ ಕಡೆ ಹೋಗಲಿಲ್ಲ. ಅವಳೇ ಹೊರಗೆ ಹೋಗಿ ಪಾಳಿ ಪುಸ್ತಕ ಹೊತ್ತು ತಂದು, ಹಾಳೆ ತಿರುವಿ, ದೊಡ್ಡಣ್ಣನ ಮುಂದೆ ಹಿಡಿದಳು. ಆ ವಾರ ಮಧ್ಯಾಹ್ನದ ಪಾಳಿ ಅವರದೇ ಆಗಿತ್ತು. ಅವಳ ಸಹಿಯ ಕೆಳಗೆ ಅವರ ಸಹಿಯಿತ್ತು.

ಇಲ್ಲಿಗೆ ಬಂದಾಗ ಫಿಟ್ಟರು ತಮ್ಮದೊಂದು ಮಾತು ಸೇರಿಸಿದರು. ದೊಡ್ಡಣ್ಣ ‘ಕಾಣಿಸಲ್ಲ, ಕನ್ನಡಕ ಮನೇಲಿದೆ’ ಎಂದಿದ್ದರೆ ಅವಳ ಎರಡು ವರ್ಷ ನೀರುಪಾಲಾಗುತ್ತಿತ್ತು. ಹಾಗೆನ್ನುವಷ್ಟು ಸಿಟ್ಟು ಅವರಲ್ಲಿ ಇತ್ತು.

ಅವರು ಕನ್ನಡಕ ಏರಿಸಿ ಓದಿದರು. “ಐದು, ಗುರುವಾರ, ಮಧ್ಯಾಹ್ನ ಎರಡು. ಬುಧವಾರಾನೇ ಇವಳ ಕೊನೇ ದಿನ ಆಗಿದ್ರೆ ಗುರುವಾರ ನನಗೆ ಪಾಳಿ ಒಪ್ಪಿಸಿದ್ದು ಯಾರು ಸಾರ್, ದೆವ್ವಾನಾ? ಹೋಗುವಾಗ ತಾರೀಖು ನೋಡಿದ್ರಿ, ಯಾಕೆಂದ್ರೆ ಗುರುವಾರಕ್ಕೆ ಆಳು ಇರಲಿಲ್ಲ. ಬರುವಾಗ ವಾರ ನೋಡಿದ್ರಿ, ಯಾಕೆಂದ್ರೆ ಎರವಲಿನವನು ಭಾನುವಾರ ಹೊರಟುಬಿಟ್ಟ.”

ಎಂಜಿನಿಯರರ ಮುಖ ಕಪ್ಪಿಟ್ಟಿತು. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ ಮೇಲೆ, ಕಾರಣ ಕೇಳಿದ ಕಾಗದದ ಮೇಲೆ ‘ಹಿಂಪಡೆಯಲಾಗಿದೆ’ ಎಂದು ಬರೆದು ಸಹಿ ಮಾಡಿದರು. ಆ ಸಹಿಯ ಪಕ್ಕದಲ್ಲಿ ತಾರೀಖಿನ ಜೊತೆ ವಾರವನ್ನೂ ಬರೆಯಿರಿ ಎಂದಳು ಮೀಟರಕ್ಕ. ಹಲ್ಲು ಕಚ್ಚಿ ಅದನ್ನೂ ಬರೆದರು.

ಹೊರಗೆ ಬಂದವಳು ಜಗಲಿಯಲ್ಲಿ ದೊಡ್ಡಣ್ಣನಿಗೆ ಕೈಮುಗಿಯಲು ಹೋದಳು. ಅವರು ತಡೆದರು.

“ಸಾಹೇಬರದ್ದು ತಪ್ಪು ಅಂದ ಮಾತ್ರಕ್ಕೆ ನಿಂದು ಸರಿ ಅಂತಲ್ಲ ಕಣಮ್ಮ. ಇಡೀ ದಿನ ಮುಳ್ಳು ನೋಡ್ತೀಯ, ಗೋಡೆ ಮೇಲಿನ ಕ್ಯಾಲೆಂಡರ್ ಒಂದ್ಸಲ ನೋಡೋಕೆ ಆಗ್ಲಿಲ್ವಾ? ನಿನ್ನ ಎರಡು ವರ್ಷ ನಿನಗೆ ವಾಪಸ್ ಸಿಕ್ತು. ನನ್ನ ಮೊಮ್ಮಗಳ ಮೊದಲ ದಿನ ಯಾರು ವಾಪಸ್ ಕೊಡ್ತಾರೆ?”

ಒಳಗೆ ಉಳಿದಿದ್ದ ಸಿಟ್ಟೆಲ್ಲ ಅವಳ ಮೇಲೆಯೇ ತಿರುಗಿಬಿತ್ತು. ಅವಳು ಮನೆಗೆ ಹೋಗದೆ ಅಲ್ಲಿಯೇ ಕುಳಿತು, ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡು, ಕಡತಕ್ಕೆಂದು ಚೀಟಿಯನ್ನು ಹೊಸದಾಗಿ ಬರೆದಳು: ಕೊನೆಯ ಕೆಲಸದ ದಿನ 5, ಗುರುವಾರ, ಬೆಳಗಿನ ಪಾಳಿ. ರಜೆ 6, ಶುಕ್ರವಾರದಿಂದ 16, ಸೋಮವಾರದವರೆಗೆ, ಎರಡೂ ದಿನ ಸೇರಿ ಹನ್ನೊಂದು ದಿನ. ಮರಳಿ ಕೆಲಸಕ್ಕೆ 17, ಮಂಗಳವಾರ, ಬೆಳಿಗ್ಗೆ ಆರು ಗಂಟೆಗೆ. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಹಿಂದಿನ ಚೀಟಿಯಲ್ಲಿ ವಾರಗಳನ್ನು ತಪ್ಪಾಗಿ ಬರೆದವಳು ನಾನು, ಅದರಿಂದ ಹದಿನಾರು ಗಂಟೆ ದುಡಿದವರು ದೊಡ್ಡಣ್ಣ.’

ತಿಂಗಳ ಕೊನೆಗೆ ಅವಳ ನೌಕರಿ ಕಾಯಂ ಆಯಿತು. ದೊಡ್ಡಣ್ಣ ಮಾತ್ರ ಕರಗಲಿಲ್ಲ. ತಾವು ನಿವೃತ್ತರಾಗುವವರೆಗೆ, ಅವಳಿಂದ ಪಾಳಿ ವಹಿಸಿಕೊಳ್ಳುವಾಗೆಲ್ಲ, ಸಹಿ ಹಾಕುವ ಮೊದಲು “ಇವತ್ತು ಯಾವ ವಾರಮ್ಮ?” ಎಂದು ಕೇಳುತ್ತಿದ್ದರು. ಅವಳು ಪ್ರತಿ ಸಲವೂ ತಾರೀಖನ್ನೂ ವಾರವನ್ನೂ ಸೇರಿಸಿ ಹೇಳುತ್ತಿದ್ದಳು. ಬೇರೆ ಮಾತಿರುತ್ತಿರಲಿಲ್ಲ.

ಫಿಟ್ಟರು ಇಷ್ಟು ಹೇಳಿ ಚಹಾದ ಲೋಟವನ್ನು ಬೆಂಚಿನ ಕೆಳಗಿಟ್ಟರು. ಒಳಗೆ ಪಂಪು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಆ ಮಗು ಆಮೇಲೆ ಶಾಲೆಗೆ ಅಳದೆ ಹೋಯಿತೇ ಎಂದು ಒಬ್ಬರು ಕೇಳಿದರು. ಅದು ತನಗೆ ಗೊತ್ತಿಲ್ಲ ಎಂದರು ಫಿಟ್ಟರು. ಆರೂ ಜನ ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು, ಮನೆಯ ದಾರಿ ಹಿಡಿದರು.