ನಾಲ್ಕು ಬೆರಳು ಮಾರ್ಜಿನ್

ತೀರ್ಪು ಬರೆಯುವ ಕಾಗದದ ಎಡಬದಿಗೆ ಎಷ್ಟು ಬೆರಳು ಜಾಗ ಬಿಡಬೇಕು ಎಂಬುದು ಮಹಾರಾಷ್ಟ್ರದ ಜತ್ತ ತಾಲೂಕಿನ ನ್ಯಾಯದ ಭವಿಷ್ಯವನ್ನೇ ನಿರ್ಧರಿಸುವ ಪ್ರಶ್ನೆಯಾಗಿತ್ತು. ಪ್ರತಿ ರವಿವಾರ ಮಧ್ಯಾಹ್ನ ಮೂರಕ್ಕೆ ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯ ಮೇಲ್ಮಾಳಿಗೆಯಲ್ಲಿ ಅದರ ವಿಚಾರಣೆ ನಡೆಯುತ್ತಿತ್ತು. ಅದು ರಾಮಲಿಂಗ ವಕೀಲರ ಆಫೀಸು. ಜಡ್ಜ್ ಪರೀಕ್ಷೆಗೆ ಕೂಡುವ ಎಳೆಯ ವಕೀಲರಿಗೆ ಅವರು ಅಲ್ಲಿ ಪುಕ್ಕಟೆಯಾಗಿ ತೀರ್ಪು ಬರೆಯುವುದನ್ನು ಕಲಿಸುತ್ತಿದ್ದರು. ಪುಕ್ಕಟೆ ಎಂಬುದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಲೂ ಇದ್ದರು. ಮಾರ್ಜಿನ್ ನಾಲ್ಕು ಬೆರಳು ಇರತಕ್ಕದ್ದು ಎಂಬುದು ಅವರ ಮತ. ಮೂರು ಬೆರಳು ಬಿಟ್ಟವರ ಕಾಗದ ಓದಿಸಿಕೊಳ್ಳದೆ ಕಿಟಕಿಯಿಂದ ಕೆಳಗಿಳಿಯುತ್ತಿತ್ತು. ಕೆಳಗೆ ಭಜಿ ಗಾಡಿಯವನು ಅದನ್ನು ಹರಿದು ಭಜಿ ಕಟ್ಟಲು ಬಳಸುತ್ತಿದ್ದ. ತೀರ್ಪು ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ; ಕಚೇರಿಯ ಭಾಷೆಗೂ ಕರುಳಿನ ಭಾಷೆಗೂ ಅಲ್ಲಿ ಜಗಳವಿರಲಿಲ್ಲ.

ಹಿಂದಿನ ಬೆಂಚಿನ ಮೇಲೆ ಸುನಿತಾ ಕುಳಿತಿರುತ್ತಿದ್ದಳು. ತಿಕೋಂಡಿಯ ಬೀರು ಎಂಬವನ ಮಗಳು. ಎಂಬತ್ತು ಕುರಿ, ಐದು ಎಕರೆ ಒಣಭೂಮಿ, ಕುರಿಗೂ ಮನೆಗೂ ನೀರು ಕೊಡುವ ಒಂದೇ ಬಾವಿ ಇರುವ ಮನೆಯಿಂದ ಕರಿಕೋಟು ತೊಟ್ಟು ಬಂದ ಮೊದಲ ಜೀವ. ಎರಡು ವರ್ಷದಿಂದ ಒಂದು ರವಿವಾರವೂ ತಪ್ಪಿಸಿರಲಿಲ್ಲ. ರಾಮಲಿಂಗ ವಕೀಲರು ಅವಳನ್ನು ಈವರೆಗೆ ಹೆಸರು ಹಿಡಿದು ಕರೆದಿರಲಿಲ್ಲ. ‘ಏ ತಿಕೋಂಡಿ’ ಅನ್ನುತ್ತಿದ್ದರು. ಎಸ್ಟಿ ಬಸ್ಸಿನ ಕಂಡಕ್ಟರ್ ಕೂಡ ಹಾಗೆಯೇ ಕೂಗುತ್ತಿದ್ದ, ಆದರೆ ಅವನು ಟಿಕೀಟು ಕೊಡುತ್ತಿದ್ದ.

ಆ ರವಿವಾರದ ಅಭ್ಯಾಸ ಹೀಗಿತ್ತು. ವಾದಿ ಗಣಪತಿ, ಪ್ರತಿವಾದಿ ಮಾರುತಿ, ಹೊಲಕ್ಕೆ ಹೊಲ ಹತ್ತಿದವರು. ನಡುವಿನ ಬದು ಬೇವಿನ ಗಿಡದ ಹತ್ತಿರ ಮೊಣಕೈಯಂತೆ ಮಡಚಿದೆ. ಪ್ರತಿವಾದಿ ಬದು ಸರಿಸಿ ನಾಲ್ಕು ಗುಂಟೆ ಒತ್ತಿದ್ದಾನೆ, ಅದನ್ನು ಬಿಡಿಸಿಕೊಡಬೇಕು ಎಂದು ವಾದಿಯ ದಾವೆ. ಜೊತೆಗೆ ಸಾತ್‌ಬಾರಾ ಉತಾರ ಎಂಬ ಪಹಣಿ, ಭೂಮಿ ಅಳೆದ ಮೋಜಣಿಯ ನಕಾಶೆ, ಮೋಜಣಿಯ ನೋಟೀಸು. ಹೆಸರುಗಳ ಮೇಲೆ ಬಿಳಿ ಚೀಟಿ ಹಚ್ಚಿ ಜೆರಾಕ್ಸ್ ತೆಗೆಸಲಾಗಿತ್ತು.

ಸುನಿತಾಗೆ ಬೇವಿನ ಗಿಡದಿಂದ ಮುಂದೆ ಓದಬೇಕಾಗಿರಲಿಲ್ಲ. ಸಣ್ಣವಳಿದ್ದಾಗ ಅವಳು ಆ ಗಿಡದಿಂದ ಬಿದ್ದು ಕೈ ಮುರಿದುಕೊಂಡಿದ್ದಳು. ಗಣಪತಿ ಎಂದರೆ ಪಕ್ಕದ ಹೊಲದ ಸೋಮನಿಂಗಪ್ಪ. ಅವನ ವಕೀಲರು ಇದೇ ರಾಮಲಿಂಗ. ಮಾರುತಿ ಎಂದರೆ ಅವಳ ಅಪ್ಪ. ಅಪ್ಪನ ವಕೀಲರು ಎಪ್ಪತ್ತಾರು ವರ್ಷದ ಶಿದ್ರಾಯ. ಸುನಿತಾ ಅವರ ಕೈಕೆಳಗೇ ಕೆಲಸ ಕಲಿಯುತ್ತಿದ್ದಳು. ಮುಂದಿನ ತಿಂಗಳು ಸರ್ವೇಯರ್ ಸಾಕ್ಷಿ ಹೇಳಲು ಕಟಕಟೆಗೆ ಬರುವವನಿದ್ದ.

ನಾಲ್ಕು ಗುಂಟೆ ಹೋದರೂ ಬಾವಿ ಮೂರು ಹೆಜ್ಜೆ ಈಚೆಗೆ ಉಳಿಯುತ್ತಿತ್ತು. ಆದರೆ ಗುಂಟೆಯೂ ಹೋಗಬೇಕಿರಲಿಲ್ಲ. ಕೇಸಿನ ಕಾಗದ ಸಾವಿರ ಸಲ ತಿರುವಿ ಸುನಿತಾ ಎರಡು ತೂತು ಹಿಡಿದಿದ್ದಳು. ಒಂದು, ಮೋಜಣಿಯ ನೋಟೀಸು ಬೀರುವಿನ ಅಪ್ಪನ ಹೆಸರಿಗೆ ಹೋಗಿತ್ತು. ಆತ ತೀರಿ ಒಂಬತ್ತು ವರ್ಷವಾಗಿತ್ತು. ಎರಡು, ಸರ್ವೇಯರ್ ಹಳೆಯ ಗಡಿಕಲ್ಲುಗಳಿಂದ ಅಳತೆ ಹಿಡಿಯದೆ ಬೇವಿನ ಗಿಡದಿಂದಲೇ ಹಿಡಿದಿದ್ದ. ನಕಾಶೆಯಲ್ಲಿ ಒಂದು ಕಲ್ಲಿನ ಗುರುತೂ ಇರಲಿಲ್ಲ. ಸ್ಥಿರವಾದ ಗುರುತಿಲ್ಲದ ಮೋಜಣಿ ಎಂದರೆ ಕಟ್ಟೆಯಿಲ್ಲದ ಬಾವಿ ಇದ್ದಂತೆ, ನಂಬಿದವನು ಒಳಗೆ ಬೀಳುತ್ತಾನೆ.

ಇದನ್ನು ಕೇಳಿ ಶಿದ್ರಾಯ ವಕೀಲರು ಹಲ್ಲಿನ ಸೆಟ್ ತೆಗೆದು ನಕ್ಕಿದ್ದರು. “ಶಾಣ್ಯಾಕಿ ಅದಿ. ಆದ್ರ ಈ ಮಾತು ಸರ್ವೇಯರ್ ಕಟಕಟಿ ಹತ್ತಿ ನಿಂತ ಮ್ಯಾಲೆ ತಗೀಬೇಕು. ಅಲ್ಲೀತನಕ ನುಂಗ್ಕೊಂಡು ಕುಂದ್ರು. ಮೊದ್ಲ ಗೊತ್ತಾತಂದ್ರ ಆ ರಾಮಲಿಂಗ ತೂತು ಮುಚ್ಚಿ ಸಾರಸ್ತಾನ.”

ಪಕ್ಕದಲ್ಲಿದ್ದ ಮುಚ್ಚಂಡಿಯ ಕಲ್ಮೇಶ ಕಾಗದ ಓದಿ ಪಿಸುಗುಟ್ಟಿದ. “ಇದು ನಿಮ್ಮಪ್ಪಂದs ಅಲ್ಲೇನು?”

“ಬರಿ ಸುಮ್ನ.”

“ನಿಮ್ಮಪ್ಪನ್ನ ಗೆಲ್ಲಿಸಿದ್ರ ಮಗಳಾಗ್ತಿ, ಸೋಲಿಸಿದ್ರ ಜಡ್ಜ್ ಆಗ್ತಿ. ಭಾಳ ಚಲೋ ಪೇಪರ್ ಬಿಡು.”

ಸುನಿತಾ ಕೂಡ ಅದನ್ನೇ ಲೆಕ್ಕ ಹಾಕಿದ್ದಳು. ಅಪ್ಪನ ಪರ ಕಣ್ಣು ಮುಚ್ಚಿ ಬರೆದರೆ ನಗುತ್ತಾರೆ. ದೊಡ್ಡಸ್ತಿಕೆಗೆಂದು ವಿರುದ್ಧ ಬರೆದರೂ ನಗುತ್ತಾರೆ. ಎರಡು ಗುಂಡಿ ಕಂಡವಳು ನಡುವೆ ಹಾದು ಹೋಗಲು ನಿರ್ಧರಿಸಿದಳು: ಬರೀ ಕಾಯದೆ ಬರೆಯುವುದು. ಮೂರನೆಯ ಗುಂಡಿ ಆ ನಡುವೆಯೇ ಇತ್ತು.

ಎರಡು ತಾಸು ಬರೆದಳು. ವಾದಿ ತನ್ನ ಕೇಸನ್ನು ತನ್ನ ಕಾಲಿನ ಮೇಲೆ ನಿಲ್ಲಿಸಬೇಕು, ಪ್ರತಿವಾದಿಯ ಕುಂಟುತನದ ಮೇಲಲ್ಲ. ಅತಿಕ್ರಮಣವನ್ನು ವಾದಿ ಸಾಬೀತುಪಡಿಸಿದ್ದಾನೆಯೇ? ಇಲ್ಲ. ಕಾರಣಗಳು. ನಾಲ್ಕನೆಯ ಪರಿಚ್ಛೇದಕ್ಕೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಶಿದ್ರಾಯರ ಬೊಚ್ಚುಬಾಯಿ ನೆನಪಾಯಿತು. ಆದರೆ ಆ ಪರಿಚ್ಛೇದವಿಲ್ಲದೆ ತೀರ್ಪು ಬರೀ ಅಭಿಪ್ರಾಯವಾಗುತ್ತಿತ್ತು, ಅದರೊಂದಿಗೆ ತೀರ್ಪಾಗುತ್ತಿತ್ತು. ಅಂಥ ಪರಿಚ್ಛೇದವನ್ನು ಆ ಮಾಳಿಗೆಯಲ್ಲಿ ಯಾರೂ ಬರೆದಿರಲಿಲ್ಲ. ನೋಟೀಸು, ಕಲ್ಲು, ಬೇವಿನ ಗಿಡ, ಎಲ್ಲ ಬರೆದಳು. ಆದೇಶ: ದಾವೆ ರದ್ದು.

ಚಹಾ ಬಂತು. ವಕೀಲರು ಮೊದಲು ಕಲ್ಮೇಶನ ಕಾಗದ ಎತ್ತಿದರು. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಪ್ರತಿವಾದಿಯ ಕಬ್ಜೆಯಲ್ಲಿದ್ದರಿಂದ ಭೂಮಿ ಅವನದೇ ಆಯಿತು ಎಂದು ಅವನು ಬರೆದಿದ್ದ.

“ಕಲ್ಮೇಶಪ್ಪಾ, ಪ್ರತಿವಾದಿ ಏನಂತ ಕೈಫಿಯತ್ ಕೊಟ್ಟಾನ? ‘ಈ ಜಾಗ ಅಜ್ಜನ ಕಾಲದಿಂದ ನಂದs’ ಅಂತ. ನೀ ಏನಂತಿ? ‘ಜಾಗ ಅವಂದು, ನಾ ಹನ್ನೆರಡು ವರ್ಷ ಹೊಡಕೊಂಡು ಉಂಡೀನಿ’ ಅಂತ. ಒಂದs ಬಾಯಾಗ ಎರಡೂ ಹೆಂಗ ಅಂತೀಯೋ? ಈ ಹೇಣ್ತಿ ನನ್ನಾಕಿ, ನಿನ್ನಾಕೀನೂ ಹೌದು ಅಂದಂಗಾತು.” ಕಾಗದ ಕಿಟಕಿಯಿಂದ ಹೋಯಿತು. ಮಾರ್ಜಿನ್ ಕೂಡ ಮೂರೇ ಬೆರಳಿತ್ತು.

ಆಮೇಲೆ ಸುನಿತಾಳದು. ವಕೀಲರು ಗಟ್ಟಿಯಾಗಿ ಓದತೊಡಗಿ, ನಾಲ್ಕನೆಯ ಪರಿಚ್ಛೇದಕ್ಕೆ ಬಂದಾಗ ದನಿ ಇಳಿಸಿ, ಕೊನೆಗೆ ತಮ್ಮಷ್ಟಕ್ಕೇ ಓದಿಕೊಂಡರು. ಚಹಾದ ಮೇಲೆ ಕೆನೆ ಕಟ್ಟಿತು.

“ನಕಾಶೆದಾಗ ಕಲ್ಲಿನ ಗುರ್ತಿಲ್ಲ ಅಂತ ಬರದಿ. ಗಡಿಕಲ್ಲು ಜಾಗೆದ ಮ್ಯಾಲೆ ಅದಾವೋ ಇಲ್ಲೋ, ನಿನಗ ಹೆಂಗ ಗೊತ್ತು?”

“ಹಳೀ ಮೋಜಣಿ ಟಿಪ್ಪಣದಾಗ ಮೂರು ಕಲ್ಲು ತೋರಿಸ್ಯಾರಿ ಸಾಹೇಬ್ರ. ಅವನ್ನ ಹುಡುಕಿಲ್ಲ ಅಂದ್ರ ಮೋಜಣಿ ನಡಿಯೂದಿಲ್ಲ.”

“ಚಲೋ. ಮತ್ತ ವಾದಿ ವಕೀಲ ನೀನs ಆಗಿದ್ದಿ ಅಂತ ತಿಳಿ. ಈ ರೋಗಕ್ಕ ಏನ್ ಔಷಧ ಕೊಡ್ತಿದ್ದಿ?”

ಮಾಳಿಗೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದ್ದರು. ಎರಡು ವರ್ಷದಲ್ಲಿ ಹಾಗೆ ಆದದ್ದು ಅದೇ ಮೊದಲು. ಸುನಿತಾ ಎದ್ದು ನಿಂತಳು.

“ಕೋರ್ಟ್ ಕಮಿಷನರ್ ನೇಮಸ್ರಿ ಅಂತ ಅರ್ಜಿ ಹಾಕ್ತಿದ್ನಿರಿ. ದಿವಾಣಿ ಸಂಹಿತೆ, ಆದೇಶ ಇಪ್ಪತ್ತಾರು, ನಿಯಮ ಒಂಬತ್ತು. ಇಬ್ಬರಿಗೂ ನೋಟೀಸ್ ಕೊಟ್ಟು, ಕಲ್ಲಿನಿಂದ ಹೊಸಾ ಮೋಜಣಿ. ಅದೂ ಸರ್ವೇಯರ್ ಕಟಕಟಿ ಹತ್ತೂ ಮೊದ್ಲs.”

ಕಲ್ಮೇಶ ಕಪ್ಪು ಕೆಳಗಿಟ್ಟು ತನ್ನ ಚಪ್ಪಲಿ ನೋಡಿಕೊಂಡ. ಆಡಿದ್ದು ಯಾರೆದುರಿಗೆ ಎಂಬುದು ಅವಳಿಗೂ ಹೊಳೆಯಿತು. ಅಷ್ಟರಲ್ಲಿ ವಕೀಲರು ಅಂದರು: “ಕುಂದ್ರು, ಸುನಿತಾ.”

ಅವಳು ಕುಳಿತಳು. ಇಪ್ಪತ್ತಕ್ಕೆ ಹದಿನೆಂಟು ಬಂದವು. ನಾಲ್ಕನೆಯ ಪರಿಚ್ಛೇದದಲ್ಲಿ ಮಾರ್ಜಿನ್ ಒಂದು ಬೆರಳು ಒಳಸರಿದಿದ್ದಕ್ಕೆ ಎರಡು ಕಡಿತ. “ಈ ಕಾಗದ ನನ್ನ ಹತ್ರ ಇರ್ಲಿ. ಮುಂದ ಬರೂ ಹುಡುಗರಿಗೆ ತೋರಸಾಕ ಬೇಕು,” ಎಂದು ವಕೀಲರು ಅದನ್ನು ಕಡತದಲ್ಲಿಟ್ಟರು. ಅವಳು ಕೇಳಿದ್ದಕ್ಕೆ ಒಂದು ಜೆರಾಕ್ಸ್ ಮಾತ್ರ ಕೊಟ್ಟರು.

ಮನೆಯಲ್ಲಿ ಬೀರು ಅದನ್ನು ಓದಿಸಿದ. ಅವಳು ಮರಾಠಿಯದನ್ನು ಕನ್ನಡ ಮಾಡಿ ಹೇಳಿದಳು. ತಾಯಿ ಹಾಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

“ಇದು ಸುಳ್ಳ ನಿಕಾಲಪ್ಪಾ, ಕೋರ್ಟಿನ ತೀರ್ಪಲ್ಲ. ಅಭ್ಯಾಸಕ್ಕ ಬರದದ್ದು.”

“ನಿಕಾಲ್ ಸುಳ್ಳ ಇರವಲ್ಲದ್ಯಾಕ. ಒಳಗಿನ ಕಾಯದೆ ಖರೇ ಅದ ಇಲ್ಲೋ?”

“ಖರೇ ಅದ.”

“ಕಲ್ಲಿನಿಂದ ಅಳದ್ರ ಖರೇ ಹೊರಗ ಬರ್ತದ ಅಂತ ಬರದಿ ಹೌದಿಲ್ಲೋ?”

“ಹೌದು.”

“ಸಾಕು ಮಗಳ.” ಅವನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಅಂಗಿಯ ಒಳಗಿಸೆಗೆ ಇಟ್ಟುಕೊಂಡ. ಕುರಿಯ ಹಿಂದೆ ಹೋದಾಗ ಎದುರಾದವರಿಗೆಲ್ಲ ತೋರಿಸಿದ. ಓದಲು ಬಾರದವರು ಹೆಚ್ಚು ಮೆಚ್ಚಿದರು.

ಹನ್ನೊಂದನೆಯ ದಿನ ಸೋಮನಿಂಗಪ್ಪನ ಕಡೆಯಿಂದ ಅರ್ಜಿ ಬಂತು. ಪ್ರತಿ ಮುಟ್ಟಿತೆಂದು ಸಹಿ ಹಾಕಿದವಳು ಸುನಿತಾಳೇ. ಕೋರ್ಟ್ ಕಮಿಷನರ್ ನೇಮಿಸಬೇಕು; ಹಿಂದಿನ ಮೋಜಣಿಯ ನೋಟೀಸು ಸತ್ತವನ ಹೆಸರಿಗೆ ಹೋಗಿದೆ; ಅಳತೆ ಸ್ಥಿರಗುರುತಿನಿಂದ ಆರಂಭವಾಗಿಲ್ಲ. ನಾಲ್ಕನೆಯ ಪರಿಚ್ಛೇದ ಅಲ್ಪವಿರಾಮ ಸಹಿತ ಅವಳದೇ ಆಗಿತ್ತು. ಮಾರ್ಜಿನ್ ಮಾತ್ರ ಸರಿಪಡಿಸಲಾಗಿತ್ತು.

ಶಿದ್ರಾಯರು ಭೂತಗನ್ನಡಿ ಹಿಡಿದು ಓದಿದರು. “ರಾಮಲಿಂಗಗ ಇಷ್ಟ ಬುದ್ಧಿ ಇಲ್ಲ. ಇದನ್ನ ಬರದಾವ ಯಾವನೋ ಭಾಳ ಶಾಣ್ಯಾ ಅದಾನ.”

ಸುನಿತಾ ಅವರ ಚಹಾಕ್ಕೆ ಸಕ್ಕರೆ ಹಾಕಿದಳು. ಹಾಕಬಾರದಿತ್ತು, ಅವರಿಗೆ ಸಕ್ಕರೆ ಕಾಯಿಲೆ.

ಇದು ಕೋರ್ಟಿನ ಕೈಯಿಂದ ತನ್ನ ಸಾಕ್ಷಿ ಕೂಡಿಹಾಕಿಸಿಕೊಳ್ಳುವ ಹುನ್ನಾರವೆಂದು ಶಿದ್ರಾಯರು ಆಕ್ಷೇಪಿಸಿದರು. ಗಡಿಯ ತಂಟೆಗೆ ಅಳತೆಗಿಂತ ಒಳ್ಳೆಯ ಸಾಕ್ಷಿ ಇಲ್ಲವೆಂದು ಕೋರ್ಟು ಅರ್ಜಿಯನ್ನು ಮಂಜೂರು ಮಾಡಿತು.

ಮೋಜಣಿಯ ದಿನ ಭೂಮಾಪನದ ಅಧಿಕಾರಿ ಕೋರ್ಟ್ ಕಮಿಷನರ್ ಆಗಿ, ಉಪಗ್ರಹದ ಲೆಕ್ಕ ಹಿಡಿಯುವ ಉದ್ದ ಕೋಲಿನೊಂದಿಗೆ ಬಂದ. ಎರಡೂ ಕಡೆಯವರು ಹಾಜರಿದ್ದರು. ಮೊದಲ ಕಲ್ಲು ದಾರಿಯ ಬದಿಗೆ ಸಿಕ್ಕಿತು, ಎರಡನೆಯದು ಹಳ್ಳದ ದಂಡೆಗೆ. ಮೂರನೆಯದು ಸಿಗಲಿಲ್ಲ. ಮಧ್ಯಾಹ್ನವಾಯಿತು. ಕಮಿಷನರ್ ಬೆವರು ಒರೆಸಿಕೊಂಡ.

“ಮೂರನೇದು ಸಿಗಲಿಲ್ಲ ಅಂದ್ರ ಈ ರೇಖಿ ಕೂಡೂದಿಲ್ರಿ. ಗಡಿ ಪಕ್ಕಾ ಮಾಡಾಕ ಬರೂದಿಲ್ಲ ಅಂತ ರಿಪೋರ್ಟ್ ಬರೀತೀನಿ.”

ರಾಮಲಿಂಗ ವಕೀಲರ ಮುಖ ಸಣ್ಣದಾಯಿತು. ಸುನಿತಾ ಅರ್ಜಿ ಬಂದ ದಿನದಿಂದ ಮೊದಲ ಸಲ ಪೂರ್ತಿ ಉಸಿರು ತೆಗೆದುಕೊಂಡಳು.

ಬೀರು ಗುದ್ದಲಿ ಹಿಡಿದು ಮುಂದೆ ಬಂದ. “ನನಗ ಗೊತ್ತದರಿ ಸಾಹೇಬ್ರ. ಸಣ್ಣಾವ ಇದ್ದಾಗ ಅದರ ಮ್ಯಾಲೆ ಕುಂತು ಕುರಿ ಕಾದೀನಿ. ಈಗ ನಮ್ಮ ತಿಪ್ಪಿ ಬುಡಕ ಅದ.”

“ಅಪ್ಪಾ,” ಎಂದಳು ಸುನಿತಾ.

“ತಡಿ ಮಗಳ.” ಅವನು ಒಳಗಿಸೆ ತಟ್ಟಿಕೊಂಡು ಕಮಿಷನರ್‌ಗೆ ಹೇಳಿದ: “ನನ್ನ ಮಗಳು ವಕೀಲಿ ಅದಾಳರಿ. ಕಲ್ಲಿನಿಂದ ಅಳೀರಿ ಅಂತ ಬರದಾಳ. ನಾವು ಕಲ್ಲು ಮುಚ್ಚಿಡೂ ಮಂದಿ ಅಲ್ಲ.”

ಅರ್ಧ ತಾಸು ಅಗೆದ. ಸೋಮನಿಂಗಪ್ಪ ಬೇವಿನ ನೆರಳಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡು, “ಬೀರಣ್ಣ ಮದ್ಲಿಂದ ಖರೇ ಮನಷ್ಯಾರಿ,” ಎಂದು ಕಮಿಷನರ್‌ಗೆ ಹೇಳಿದ. ಕಲ್ಲು ಸಿಕ್ಕಿತು. ಬೀರು ಅದನ್ನು ನೀರು ಹಾಕಿ ತೊಳೆದ. ಬಾವಿಯಿಂದಲೇ ಸೇದಿದ ನೀರು.

ಮೂರು ಕಲ್ಲು ಕೂಡಿದ ಮೇಲೆ ಗಡಿ ಬೇವಿನ ಗಿಡವನ್ನೂ ಬದುವನ್ನೂ ದಾಟಿ, ಬಾವಿಯನ್ನೂ ಬಿಡದೆ, ಬೀರುವಿನ ಕಡೆಯ ದಂಡೆಯ ಮೇಲೆ ಹಾದುಹೋಯಿತು. ಬೀರುವಿನ ಅಪ್ಪ ಬಾವಿ ತೋಡಿದ್ದು ಪಕ್ಕದವರ ಹೊಲದಲ್ಲಿ ಎಂಬುದು ಮೂರು ತಲೆಮಾರಿಗೆ ಗೊತ್ತಿರಲಿಲ್ಲ. ಬೇವಿನ ಗಿಡದಿಂದ ಅಳೆದ ಹಿಂದಿನ ಸರ್ವೇಯರನ ತಪ್ಪು ಬೀರುವಿನ ಪರವಾಗಿತ್ತು.

ರಾಮಲಿಂಗ ವಕೀಲರು ದುರುಸ್ತಿ ಅರ್ಜಿ ಕೊಟ್ಟು ದಾವೆಯಲ್ಲಿ ನಾಲ್ಕು ಗುಂಟೆ ಇದ್ದದ್ದನ್ನು ಏಳು ಮಾಡಿಸಿದರು. ಹದಿನಾಲ್ಕು ತಿಂಗಳಿಗೆ ತೀರ್ಪು ಬಂತು. ಅದರ ಮಾರ್ಜಿನ್ ಎರಡೇ ಬೆರಳಿತ್ತು.

ದಾವೆ ಖರ್ಚಿನ ಸಹಿತ ಮಂಜೂರು. ಪ್ರತಿವಾದಿಯು ಬಾವಿ ಸಹಿತ ಏಳು ಗುಂಟೆ ಜಾಗವನ್ನು ಅರವತ್ತು ದಿನದೊಳಗೆ ವಾದಿಯ ಕಬ್ಜೆಗೆ ಬಿಟ್ಟುಕೊಡಬೇಕು. ಬೀರು ಐವತ್ತೆಂಟನೆಯ ದಿನ ಕುರಿಗಳನ್ನು ಮಾರಿದ.